ನಾಲ್ಕನೆಯವನು ಬೇಕಾಗಿದ್ದಾನೆ

ಕೆಲಸಕ್ಕೆಂದು ಬೆಂಗಳೂರಿಗೆ ಬಂದಿಳಿದ ಹುಡುಗ ಹುಡುಗಿಯರೆಲ್ಲ ಹುಟ್ಟು ಪ್ರವಾಸಿಗರು. ಗೆಳೆಯರನ್ನು ಹುಡುಕಿಕೊಡುವ ಆ್ಯಪ್‌ಗಳಲ್ಲಿ ಅವರವರ ಪ್ರೊಫೈಲ್ ಓದಿ ನೋಡಿ: ಟ್ರಾವೆಲ್ ಇಷ್ಟ, ಕಾಫಿ ಪ್ರಾಣ, ನಾಯಿ ಕಂಡರೆ ಜೀವ, ಸಮಾನಮನಸ್ಕರು ಬೇಕು.

ರಾಣೆಬೆನ್ನೂರಿಂದ ಬಂದು ಬಿಟಿಎಂ ಲೇಔಟಿನ ಪಿಜಿಯಲ್ಲಿ ಮೂವರ ರೂಮು ಹಿಡಿದ ಹುಡುಗನೊಬ್ಬನದ್ದೂ ಇದೇ ಪಾಠ. ಅವನ ಟ್ರಾವೆಲ್ ಎಂದರೆ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವುದು. ಪ್ರಾಣವಾದ ಕಾಫಿ ಪಿಜಿಯ ಸ್ಟೀಲ್ ಡ್ರಮ್ಮಿನಲ್ಲಿ ಎಂಟೂವರೆಗೇ ಖಾಲಿ. ನಾಯಿಯದೊಂದು ನಿಜ, ರಾತ್ರಿ ಪಾಳಿ ಮುಗಿಸಿ ಗಲ್ಲಿಗೆ ಬಂದಾಗ ಅವುಗಳನ್ನು ಕಂಡರೆ ಜೀವ ಬಾಯಿಗೆ ಬರುತ್ತದೆ.

ಇಂಥದ್ದಕ್ಕೆ ಯಾರಾದರೂ ಏನು ಉತ್ತರ ಕೊಟ್ಟಾರು? 'ನನಗೂ ಟ್ರಾವೆಲ್ ಇಷ್ಟ' ಅನ್ನಬಹುದು. ಆಮೇಲೆ 'ಊಟ ಆಯ್ತಾ' ಬರುತ್ತದೆ. ಅಲ್ಲಿಗೆ ಸ್ನೇಹದ ಊಟವೂ ಆದಂತೆ.

ಉತ್ಸಾಹದಿಂದ ಉತ್ತರಿಸಿದವನು ಒಬ್ಬನೇ. ಪ್ರೊಫೈಲ್ ಫೋಟೊದಲ್ಲಿ ಹುಡುಗನ ಕೊರಳಿಗೆ ಕಂಪನಿಯ ಐಡಿ ಕಾರ್ಡ್ ನೇತಾಡುತ್ತಿತ್ತಲ್ಲ, ಅದು ಅವನಿಗೆ ಬಹಳ ಹಿಡಿಸಿತು. ಊರು ಯಾವುದೆಂದು ಕೇಳುವ ಮೊದಲೇ 'ಐದು ವರ್ಷದಲ್ಲಿ ನಿಮ್ಮ ಕನಸೇನು' ಎಂದು ಕೇಳಿದ. ಕಾಫಿಗೆ ಕರೆದ. ಮೇಜಿನ ಮೇಲೆ ನೋಟ್‌ಬುಕ್ ತೆರೆದು ಒಂದು ವೃತ್ತ, ಅದರ ಕೆಳಗೆ ಎರಡು, ಅದರ ಕೆಳಗೆ ನಾಲ್ಕು ಬರೆದ. ಸಮಾನಮನಸ್ಕ ಸಿಕ್ಕಿದ್ದ, ಸೇರುವ ಫೀಜು ಬೇರೆ.

ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಕೊನೆಗೆ ವಿಚಾರಿಸಿದರು.

"ಭಾನುವಾರ ಏನ್ ಮಾಡ್ತೀಯಪ್ಪಾ?"

"ಶಟಲ್ ಆಡ್ತೀನ್ರಿ ಅಕ್ಕಾ, ಸುಮಾರಾಗಿ."

"ಅದನ್ನೇ ಬರಿ."

"ಸುಮಾರು ಅಂತನೂ ಬರೀಲೇನ್ರಿ?"

"ಮುಖ್ಯವಾಗಿ ಅದನ್ನೇ. ಇಲ್ದಿದ್ರೆ ಚಾಂಪಿಯನ್‌ಗಳು ಬಂದು ಬೈತಾರೆ."

ಅಕ್ಕನಿಗೆ ಈ ಊರಿನ ಲೆಕ್ಕ ಗೊತ್ತು. ಶಟಲ್ ಕೋರ್ಟಿನ ಬಾಡಿಗೆ ಗಂಟೆಗಿಷ್ಟು ಎಂದು. ಡಬಲ್ಸ್ ಆಡುವ ನಾಲ್ವರಲ್ಲಿ ಒಬ್ಬ ಶನಿವಾರ ರಾತ್ರಿ 'ಸಾರಿ ಮಚ್ಚಾ' ಎಂದರೆ ಉಳಿದ ಮೂವರಿಗೆ ಆಟವೂ ಕೆಟ್ಟಿತು, ಖರ್ಚೂ ಏರಿತು. ಈ ನಗರದಲ್ಲಿ ಗೆಳೆಯ ಬೇಕೆಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಆಟಕ್ಕೆ ಒಬ್ಬ ಕಡಿಮೆ ಬಿದ್ದವರು ಮಾತ್ರ ಬಡಾವಣೆಗೆ ಇಷ್ಟಿಷ್ಟು ಜನ. ಹುಡುಗ ತಿದ್ದಿ ಬರೆದ: 'ಬಿಟಿಎಂ ಸುತ್ತಮುತ್ತ. ಭಾನುವಾರ ಬೆಳಿಗ್ಗೆ ಏಳಕ್ಕೆ ಶಟಲ್. ಆಟ ಸುಮಾರು, ರ‍್ಯಾಕೆಟ್ ಸ್ವಂತದ್ದು. ನಾಲ್ಕನೆಯವನು ಬೇಕಾದರೆ ಹೇಳಿ. ಕನ್ನಡ ಚೆನ್ನಾಗಿ, ಹಿಂದಿ ಆಟದ ಮಟ್ಟಕ್ಕೇ.'

ಈಗ ಓದಿದವರಿಗೆ ಕೇಳಲು ಒಂದೇ ಪ್ರಶ್ನೆ: 'ಈ ಭಾನುವಾರ ಫ್ರೀನಾ?' ಅವನ ಬುದ್ಧಿ, ಭಾವ, ಮೆಚ್ಚಿನ ಸಿನಿಮಾ ಯಾರಿಗೂ ಬೇಕಿಲ್ಲ. ಅದೆಲ್ಲ ಆಟ ಮುಗಿದ ಮೇಲೆ, ದರ್ಶಿನಿಯಲ್ಲಿ ಇಡ್ಲಿ ವಡೆಗೆ ನಿಂತಾಗ ತಾನಾಗಿ ಹೊರಬೀಳುತ್ತದೆ.

ಪ್ರೊಫೈಲ್ ಬರೆಯುವವರೇ, ದಿನ, ಹೊತ್ತು, ಜಾಗ ಹೇಳಿ. ಪಿಜಿಯ ಹೆಸರು ಹೇಳಬೇಡಿ. ಐಡಿ ಕಾರ್ಡಿನ ಫೋಟೊ ಇವತ್ತೇ ತೆಗೆದುಹಾಕಿ. ವೃತ್ತ ಬರೆಯಲು ಶುರುಮಾಡಿದವನ ಕಾಫಿಯ ದುಡ್ಡು ಅವನೇ ಕೊಡಲಿ.