ಷಟ್ಪದಿ ಮೇಷ್ಟ್ರ ಕೆಸರು ಮ್ಯಾಚು

ಆಡಲು ಬಾರದು, ಆಟ ಬಿಡಲೂ ಆಗದು ಎನ್ನುವವರು ಪ್ರತಿ ಕೇರಿಯಲ್ಲೂ ಒಬ್ಬರಿರುತ್ತಾರೆ. ಅಂಥವರ ಕೈಗೆ ಸ್ಲೇಟು, ಸೀಮೆಸುಣ್ಣ ಕೊಟ್ಟು ಸ್ಕೋರು ಬರೆಯಲು ಕೂರಿಸುವುದು ಪದ್ಧತಿ. ಮಲೆನಾಡಿನ ನಮ್ಮ ಮೇಲಿನಕೇರಿಯಲ್ಲಿ ಆ ಹುದ್ದೆ ಮೇಷ್ಟ್ರದು. ಶಾಲೆಯಲ್ಲಿ ಅವರು ಕಲಿಸುತ್ತಿದ್ದದ್ದು ಸಮಾಜ ವಿಜ್ಞಾನ. ಊರವರು ಅವರನ್ನು ಷಟ್ಪದಿ ಮೇಷ್ಟ್ರು ಎನ್ನುವುದಕ್ಕೆ ಕಾರಣ ಒಂದೇ ಒಂದು ಕ್ರಿಕೆಟ್ ಮ್ಯಾಚು.

ಆ ಮ್ಯಾಚಿನ ಮೇಲೆ ಅವರು ಭಾಮಿನಿ ಷಟ್ಪದಿಯಲ್ಲಿ ಪದ್ಯ ಕಟ್ಟಿದ್ದಾರೆ. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಆ ಹಾಳೆ ಯಾವಾಗಲೂ ಜೇಬಿನಲ್ಲಿರುತ್ತದೆ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿಗೆ ಹೋಗಿ ಹೋಗಿ ಕೇಳಿದ ಗುಣವೋ ಏನೋ, ಇವರೂ ರಾಗ ಹಿಡಿದೇ ಓದುತ್ತಾರೆ. ಮದುವೆ, ಗೃಹಪ್ರವೇಶ, ಸೊಸೈಟಿಯ ಸರ್ವಸದಸ್ಯರ ಸಭೆ, ಜಾಗ ಯಾವುದಾದರೂ ಸರಿ, ಯಾರಾದರೂ ಮಳೆಯ ಮಾತೆತ್ತಿದರೆ ಸಾಕು, ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಅವರೆದುರು ನಾವು ಬಿಸಿಲಿನ ಬಗ್ಗೆ ಮಾತ್ರ ಮಾತಾಡುತ್ತೇವೆ. ಮಲೆನಾಡಿನಲ್ಲಿ ಅದೆಷ್ಟು ಕಷ್ಟವೆಂದು ಬೇರೆಯವರಿಗೆ ಗೊತ್ತಾಗಲಿಕ್ಕಿಲ್ಲ.

ಮ್ಯಾಚು ನಡೆದದ್ದು ಕುಯ್ಲಾದ ಗದ್ದೆಯಲ್ಲಿ. ಬೇಸಿಗೆಯೆಲ್ಲ ಅದೇ ನಮ್ಮ ಮೈದಾನ. ಕೆಳಗಿನಕೇರಿಯವರ ಜೊತೆ ಒಂದು ಬಾಳೆಗೊನೆಯ ಪಂಥ, ತಲಾ ಎಂಟು ಓವರು, ಅಂಡರ್‌ಆರ್ಮ್ ಬೌಲಿಂಗು. ಅವರ ಮನೆಯ ಮುಂಜಿ, ಇವರ ಮನೆಯ ತಿಥಿ ಎಂದು ಮುಂದೆ ಹೋಗುತ್ತಾ ಹೋಗುತ್ತಾ ಜೂನ್ ಬಂತು, ಮಳೆಯೂ ಹಿಡಿಯಿತು. ಮತ್ತೆ ಮುಂದೂಡುವ ಹಾಗಿರಲಿಲ್ಲ, ಏಕೆಂದರೆ ಮರುದಿನ ಬೆಳಿಗ್ಗೆ ಗದ್ದೆಗೆ ಟಿಲ್ಲರ್ ಇಳಿಯುವುದಿತ್ತು.

ಟೆನಿಸ್ ಚೆಂಡಿನ ಮೇಲಿನ ತುಪ್ಪಳ ನೀರು ಕುಡಿಯುತ್ತದೆ. ಮೂರನೇ ಓವರಿನ ಹೊತ್ತಿಗೆ ಅದು ಎಷ್ಟು ಭಾರವಾಯಿತೆಂದರೆ ಬ್ಯಾಟಿಗೆ ಬಡಿದರೆ ಠಪ್ಪೆನ್ನುವುದು ಬಿಟ್ಟು ಪಚಕ್ ಎನ್ನತೊಡಗಿತು. ನೆಲಕ್ಕೆ ಬಿದ್ದದ್ದು ಅಲ್ಲೇ ಹೂತುಕೊಳ್ಳುತ್ತಿತ್ತು. ಫೀಲ್ಡರುಗಳು ಕಾಲಿನಿಂದ ತಡಕಿ ಹುಡುಕಬೇಕು. ಹಾಗೆಂದು ಬ್ಯಾಟಿನವರಿಗೆ ರನ್ನು ಸಲೀಸಾಗಿ ಸಿಕ್ಕಿತೆಂದುಕೊಳ್ಳಬೇಡಿ. ಒಂದು ಕಾಲು ಕಿತ್ತರೆ ಇನ್ನೊಂದು ಹೂತುಹೋಗುತ್ತಿತ್ತು. ಸ್ಲಿಪ್ಪಿನಲ್ಲಿ ನಿಂತವನು ನಡುವೆ ಬದುವಿಗೆ ಹೋಗಿ, ಅಂಪೈರರ ಎಲೆಯಡಿಕೆ ಸಂಚಿಯಿಂದ ಸುಣ್ಣ ಈಸಿಕೊಂಡು, ಕಾಲಿಗೆ ಹತ್ತಿದ ಇಂಬಳ ಬಿಡಿಸಿಕೊಂಡು ಬಂದ. ಆ ಹೊತ್ತಿಗೆ ಅವನ ಕೈಗೆ ಬರಬೇಕಿದ್ದ ಕ್ಯಾಚು ಕೆಸರಿಗೆ ಬಿದ್ದಾಗಿತ್ತು.

ಇದನ್ನೇ ಮೇಷ್ಟ್ರು ಹೇಳುವುದು ಹೀಗೆ:

ಕೆಸರು ಗದ್ದೆಯ ನಡುವೆ ನಿಂತರು
ಬಸಿವ ಮಳೆಯಲಿ ತೊಯ್ದ ವೀರರು
ಎಸೆದ ಚೆಂಡದು ಪುಟಿಯದಾಯಿತು ನೆಲದೊಳಡಗಿತಲಾ
ಕುಸಿದು ಬಿದ್ದನು ನಮ್ಮ ನಾಯಕ
ಬಿಸುಟು ದಾಂಡನು ಗೂಟವಪ್ಪಿದ
ಹಸನು ಹಲ್ಲಿನ ಹೊರತು ಮೈಯಲಿ ಬಿಳಿದು ಕಾಣದಲಾ

ಪದ್ಯ ಕೆಟ್ಟದ್ದೇನಲ್ಲ. ಆದರೆ ನಮ್ಮ ಕ್ಯಾಪ್ಟನ್ ಇವತ್ತಿಗೂ ಜಗಳ ಕಾಯುತ್ತಾನೆ. “ನಾನು ಬಿದ್ದಿಲ್ಲ ಮಾರಾಯ್ರೆ, ಸ್ವಲ್ಪ ಜಾರಿದೆ ಅಷ್ಟೆ. ಗೂಟ ತಬ್ಬಿದ್ದಂತೂ ಶುದ್ಧ ಸುಳ್ಳು.” ಮೇಷ್ಟ್ರ ಉತ್ತರ ತಯಾರಿರುತ್ತದೆ. “ಷಟ್ಪದಿಯಲ್ಲಿ ಆರೂ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕಯ್ಯ. ಕೆಸರು ಅಂತ ಶುರುಮಾಡಿದ ಮೇಲೆ ನನಗೆ ಸಕಾರ ಬೇಕು. ಜಾರಿದೆ ಅಂದ್ರೆ ಎಲ್ಲಿಂದ ತರಲಿ? ಪ್ರಾಸ ಕೇಳ್ತು, ನಿನ್ನನ್ನು ಕುಸಿಸಿದೆ.”

ಪ್ರಾಸದ ಜಗಳ ಒಬ್ಬನದು. ಮಾತ್ರೆಯ ಜಗಳ ಎರಡು ಕೇರಿಯದು.

ನಾವು ಹೊಡೆದದ್ದು 39 ರನ್. ಕೆಳಗಿನಕೇರಿಯವರು 40 ಹೊಡೆದರು. ಗೊನೆ ಅವರ ಮನೆ ಸೇರಿತು. ಸ್ಲೇಟಿನ ಮೇಲಿದ್ದದ್ದನ್ನು ಮಳೆ ಅಲ್ಲೇ ತೊಳೆಯಿತು, ಬಾಳೆಹಣ್ಣನ್ನು ಅವರು ವಾರದೊಳಗೆ ತಿಂದು ಮುಗಿಸಿದರು. ಹೀಗೆ ಸಾಕ್ಷಿಯೆಲ್ಲ ಹೋಗಿ ಉಳಿದದ್ದು ಮೇಷ್ಟ್ರ ಪದ್ಯ ಒಂದೇ. ಪದ್ಯದ ಪ್ರಕಾರ ನಮ್ಮ ಸ್ಕೋರು 41. ಒಂದು ರನ್ನಿನಿಂದ ಗೆದ್ದವರು ನಾವು.

ಈ ಎರಡು ರನ್ ಎಲ್ಲಿಂದ ಬಂತು? ಕೇಳಿದವರಿಗೆಲ್ಲ ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ತೋರಿಸುತ್ತಾರೆ. ಭಾಮಿನಿಯ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಸೊನ್ನೆ ಹತ್ತಿದ್ದಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು. “ಮೂವತ್ತೊಂಬತ್ತು” ಎನ್ನಿ: ಎರಡು, ಎರಡು, ಎರಡು, ಎರಡು, ಒಂದು. ಮೊದಲ ಎರಡಕ್ಷರ ನಾಲ್ಕರ ಗಣದಲ್ಲಿ ಕೂತವು. ಮುಂದಿನದು ಮೂರರ ಗಣ. ಅಲ್ಲಿ ಎರಡರ ಪಕ್ಕದಲ್ಲಿ ಇನ್ನೆರಡು ಬಂದು ಗಣ ಒಡೆಯುತ್ತದೆ. ಮೂರರ ಗಣದಿಂದ ಶುರುಮಾಡಿದರೆ ಮೊದಲ ಹೆಜ್ಜೆಯಲ್ಲೇ ಒಡೆಯುತ್ತದೆ. ಅದೇ “ನಲವತ್ತೊಂದು” ನೋಡಿ: ಒಂದು, ಒಂದು, ಎರಡು, ಅಲ್ಲಿಗೆ ನಾಲ್ಕು. ಎರಡು, ಒಂದು, ಅಲ್ಲಿಗೆ ಮೂರು. ಎತ್ತಿ ಇಟ್ಟ ಹಾಗೆ ಕೂರುತ್ತದೆ. ಎದುರಾಳಿಯ “ನಲವತ್ತು” ಕೂಡ ಮೊದಲ ನಾಲ್ಕು ಮಾತ್ರೆ ಗಣದಲ್ಲಿಟ್ಟು, ಕೊನೆಯ ಒಂದನ್ನು ಮುಂದಿನ ಗಣಕ್ಕೆ ದಾಟಿಸಿ ಕೂರುತ್ತದೆ. ಅದನ್ನು ತಿದ್ದುವ ಪ್ರಸಂಗವೇ ಬರಲಿಲ್ಲ, ಆದ್ದರಿಂದ ತಿದ್ದಲಿಲ್ಲ. ಮೇಷ್ಟ್ರು ಪ್ರಾಮಾಣಿಕರು.

“ನಲವತ್ತಕ್ಕೆ ಒಂದು ಕಡಿಮೆ ಅಂತ ಬರೆಯಬಹುದಿತ್ತಲ್ಲ?” ಎಂದು ಕೆಳಗಿನಕೇರಿಯವರೊಬ್ಬರು ಒಂದು ಮದುವೆಯ ಪಂಕ್ತಿಯಲ್ಲೇ ಕೇಳಿದರು. ಮೇಷ್ಟ್ರು ಪಾಯಸದ ದೊನ್ನೆ ಕೆಳಗಿಟ್ಟರು. “ವೀರರಸದ ಪದ್ಯದಲ್ಲಿ ಕಡಿಮೆ ಅನ್ನೋ ಮಾತು ಬರಬಾರದು.”

ಮಳೆ ಬಂದಾಗ ಲೆಕ್ಕ ತಿದ್ದುವುದು ಕ್ರಿಕೆಟ್ಟಿಗೆ ಹೊಸದಲ್ಲ ಎಂದೂ ಅವರು ವಾದಿಸುತ್ತಾರೆ. ಡಕ್‌ವರ್ತ್–ಲೂಯಿಸ್ ಪದ್ಧತಿ ಅಂತಾರಾಷ್ಟ್ರೀಯ ಪಂದ್ಯದಲ್ಲಿ ಮೊದಲು ಬಳಕೆಗೆ ಬಂದದ್ದು 1997ರಲ್ಲಿ. ನಮ್ಮ ಮ್ಯಾಚು ಅದಕ್ಕಿಂತ ಹಿಂದಿನದು. ಅವರಿಬ್ಬರಿಗಿಂತ ಮೊದಲೇ ಕುಮಾರವ್ಯಾಸನ ಛಂದಸ್ಸಿನಿಂದ ಮಳೆಯ ಫಲಿತಾಂಶ ತೆಗೆದವರು ತಾವು ಎಂಬ ಹೆಮ್ಮೆ ಮೇಷ್ಟ್ರಿಗಿದೆ.

ತಮಾಷೆಯೆಂದರೆ, ಅಂದು ಆಡಿದವರಿಗೇ ಈಗ ಪದ್ಯ ನೆನಪಿದೆ, ಆಟ ಮರೆತಿದೆ. ನಮ್ಮ ವಿಕೆಟ್‌ಕೀಪರ್ ತಾನು ನಲವತ್ತೊಂದನೇ ರನ್ ಹೊಡೆದ ಬಗೆಯನ್ನು ಮಕ್ಕಳಿಗೆ ಅಭಿನಯಿಸಿ ತೋರಿಸುತ್ತಾನೆ. ಆ ರನ್ ಹುಟ್ಟಿದ್ದು ಮೇಷ್ಟ್ರ ಜಗಲಿಯಲ್ಲಿ. ಪದ್ಯವೂ ಬೆಳೆಯುತ್ತಿದೆ. ಹೆಸರು ಬಿಟ್ಟುಹೋಯಿತೆಂದು ಬೇಸರ ಮಾಡಿಕೊಂಡವರು ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸಿದರೆ ಒಂದು ಷಟ್ಪದಿ ಸೇರುತ್ತದೆ. ಅಂದು ಊರಲ್ಲೇ ಇರದ ಒಬ್ಬರು ಕಳೆದ ವರ್ಷದಿಂದ ಲಾಂಗ್‌ಆನ್‌ನಲ್ಲಿ ನಿಂತಿದ್ದಾರೆ.

ಈಗ ಕೆಳಗಿನಕೇರಿಯವರೂ ಎಚ್ಚೆತ್ತಿದ್ದಾರೆ. ಅವರಲ್ಲೊಬ್ಬ ನಿವೃತ್ತ ಗಣಿತ ಮೇಷ್ಟ್ರು ಲಕ್ಷ್ಮೀಶನ ಜೈಮಿನಿ ಭಾರತ ತಿರುವಿಹಾಕಿ ವಾರ್ಧಕ ಷಟ್ಪದಿ ಪತ್ತೆಮಾಡಿದರು. ಅದರಲ್ಲಿ ಐದೈದು ಮಾತ್ರೆಯ ಗಣ. ಹಿಂದೆ ಒಂದು ಹ್ರಸ್ವ ಇಟ್ಟುಕೊಂಡರೆ “ಮೂವ” ಸೇರಿ ಐದು, “ತ್ತೊಂಬತ್ತು” ಇನ್ನೈದು. ನಿಜವಾದ ಸ್ಕೋರು ಕೊನೆಗೂ ಛಂದಸ್ಸಿಗೆ ಕೂತಿತು. ಪದ್ಯ ಸಿದ್ಧವಾಗಿದೆ, ಗಮಕಿಗಳೂ ಗೊತ್ತಾಗಿದ್ದಾರೆ.

ಈ ಸಲದ ಗಣಪತಿ ಹಬ್ಬದಲ್ಲಿ ಎರಡೂ ಪದ್ಯಗಳ ವಾಚನವಿದೆ. ಬರುವವರು ಊಟ ಮುಗಿಸಿಕೊಂಡೇ ಬನ್ನಿ. ಭಾಮಿನಿಯ ಒಂದು ಪದ್ಯಕ್ಕೆ 102 ಮಾತ್ರೆ, ವಾರ್ಧಕಕ್ಕೆ 144.