ಯಾವ ಊರಲ್ಲೂ ಇಲ್ಲದ ‘ಮೈ ಸ್ಕೂಲ್’

ನಮ್ಮ ಕಡೆ ಒಂದು ಸ್ಕೂಲಿದೆ. ಎರಡು ಮಹಡಿ, ದೊಡ್ಡ ಆಟದ ಮೈದಾನ, ಸಾವಿರಾರು ಪುಸ್ತಕದ ಲೈಬ್ರರಿ, ಮುಂದುಗಡೆ ಗುಲಾಬಿ ತೋಟ. ಅಲ್ಲಿನ ಹೆಡ್ಮಾಸ್ಟರು ಬಲು ಶಿಸ್ತಿನವರು, ಮೇಷ್ಟ್ರುಗಳೆಲ್ಲ ಬಲು ಪ್ರೀತಿಯವರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿನ ಮಕ್ಕಳು ಓದೋದು ಅಲ್ಲೇ. ಆದರೆ ಆ ಸ್ಕೂಲಿಗೆ ಹೋಗೋ ಬಸ್ಸು ಮಾತ್ರ ಯಾವ ಸ್ಟ್ಯಾಂಡಿನಲ್ಲೂ ಸಿಗಲ್ಲ. ಅದು ಇರೋದು ಇಂಗ್ಲಿಷ್ ವರ್ಕ್‌ಶೀಟಿನಲ್ಲಿ, ‘ಮೈ ಸ್ಕೂಲ್’ ಅನ್ನೋ ತಲೆಬರಹದ ಕೆಳಗೆ, ಮಾದರಿ ಉತ್ತರ ಅಂತ.

ಮೊನ್ನೆ ಬೇಲಿಯಾಚೆಯಿಂದ ಅಕ್ಕ ಕೇಳಿದಳು: “ಅಲ್ಲ ಮೇಷ್ಟ್ರೇ, ನಮ್ಮ ಹೈದನ ಇಸ್ಕೂಲಿಗೆ ಮಹಡಿ ಯಾವಾಗ ಕಟ್ಟುದ್ರು?”

“ಯಾಕಕ್ಕ, ಯಾರು ಹೇಳಿದ್ರು?”

“ಬೆಳಗಾಗೆದ್ದು ಅದನ್ನೇ ಬಾಯಿಪಾಠ ಹೊಡೀತಾವ್ನೆ. ಹೆಂಚು ಸೋರ್ತದೆ ಅಂತ ಹೋದ ಮಳೆಗಾಲ ಎಸ್‌ಡಿಎಂಸಿ ಮೀಟಿಂಗಲ್ಲಿ ನಾನೇ ಜಗಳ ಆಡಿದ್ದೆ. ಈಗ ನೋಡುದ್ರೆ ಟೂ ಫ್ಲೋರ್ಸ್ ಅಂತಾನೆ!”

ಹೈದ ನಾಲ್ಕನೇ ತರಗತಿ. ಹಾಳೆ ಈಸ್ಕೊಂಡು ನೋಡಿದೆ. ಎಂಟು ವಾಕ್ಯ, ಒಂದೂ ತಪ್ಪಿಲ್ಲ, ಒಂದೂ ನಿಜ ಅಲ್ಲ. ಅವನ ಶಾಲೆಯಲ್ಲಿರೋದು ಮೂರು ಕೋಣೆ, ಇಬ್ಬರು ಟೀಚರ್ರು, ಗೇಟಿನ ಹತ್ತಿರ ಒಂದು ಹೊಂಗೆ ಮರ. ಆಟ, ಊಟ, ಜಗಳ ಎಲ್ಲ ಆ ಮರದ ಕೆಳಗೇ. ಹಾಳೆಯಲ್ಲಿ ಆ ಮರದ ಸುದ್ದಿಯೇ ಇಲ್ಲ.

ಟೀಚರನ್ನ ಬೈಯೋದು ಸುಲಭ, ನಾನು ಬೈಯಲ್ಲ. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂತು. ಇಬ್ಬರೇ ಇರೋ ಶಾಲೆಯಲ್ಲಿ ಕನ್ನಡ, ಗಣಿತ, ಪರಿಸರ ಹೇಳಿಕೊಡೋರೇ ಅದನ್ನೂ ಹೇಳಿಕೊಡಬೇಕು. ಇಪ್ಪತ್ತು ಮಕ್ಕಳು ಇಪ್ಪತ್ತು ಥರ ಬರೆದರೆ ತಿದ್ದೋರು ಯಾರು? ಬೋರ್ಡಿನ ಮೇಲೆ ಒಂದೇ ಉತ್ತರ ಬರೆದರೆ ಎಲ್ಲರಿಗೂ ರೈಟು. ಮನೆಯವರಿಗೂ ಸಮಾಧಾನ, ನಮ್ಮ ಮಗು ಇಂಗ್ಲಿಷಿನಲ್ಲಿ ಪಟಪಟ ಅಂತದೆ ಅಂತ.

ತಮಾಷೆ ಏನಪ್ಪಾ ಅಂದ್ರೆ, ಎಲ್ಲರಿಗೂ ಒಂದೇ ಪಾಠ ಬೇಡ ಅಂತ ನಮ್ಮ ರಾಜ್ಯದಲ್ಲಿ ಮೊದಲು ಹೊರಟದ್ದು ನಮ್ಮ ಪಕ್ಕದ ಎಚ್.ಡಿ. ಕೋಟೆಯೇ. 1995ರಲ್ಲಿ ಆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಕೊಂಡು ಬಂದರು, ಯುನಿಸೆಫ್ ಜತೆಗೆ ನಿಂತಿತು, ನಲಿಕಲಿ ಶುರುವಾಯ್ತು. ಗೋಡೆ ಮೇಲೆ ಕಲಿಕಾ ಏಣಿ, ಮಗು ತನ್ನ ಮೆಟ್ಟಿಲಿನ ಕಾರ್ಡು ತಾನೇ ತೆಗೆದುಕೊಂಡು ತನ್ನ ವೇಗದಲ್ಲಿ ಹತ್ತೋದು. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು. ಅಂಥ ಕಾರ್ಡು ಹಿಡಿದು ಬೆಳೆದ ಮಗು ನಾಲ್ಕನೇ ತರಗತಿಗೆ ಬಂದು ಇಂಗ್ಲಿಷಿನಲ್ಲಿ ಕೂತ ಕೂಡಲೇ ಎಲ್ಲರ ಜತೆ ಒಂದೇ ಸ್ಕೂಲಿನ ಗುಲಾಬಿ ಕೀಳ್ತದೆ.

ಮಾದರಿ ಉತ್ತರವೇ ಬೇಡ ಅಂದ್ರೆ ಅದೂ ತಪ್ಪು. ಬರೀ ಕೈಯಲ್ಲಿ ಬರಿ ಅಂದ್ರೆ ಮಗು ಕನ್ನಡದ ದಾರಿಯಲ್ಲೇ ನಡೀತದೆ. ‘ನನ್ನ ಶಾಲೆ ಚಿಕ್ಕದು’ ಅಂದರೆ ನಮಗೆ ಮಾತು ಮುಗೀತು, ಹಾಗಾಗಿ ಅದು ‘ಮೈ ಸ್ಕೂಲ್ ಸ್ಮಾಲ್’ ಅಂತ ಬರೆದು ‘ಈಸ್’ ಬಿಡ್ತದೆ. ‘ಗೇಟಿನ ಹತ್ತಿರ ಒಂದು ಹೊಂಗೆ ಮರ ಇದೆ’ ಅನ್ನೋದು ‘ಗೇಟ್ ನಿಯರ್ ಒನ್ ಹೊಂಗೆ ಟ್ರೀ ಈಸ್’ ಆಗ್ತದೆ. ನಮ್ಮಲ್ಲಿ ಕೊನೆಗೆ ಬರೋ ‘ಇದೆ’ ಅಲ್ಲಿ ‘ದೇರ್ ಈಸ್’ ಆಗಿ ಮೊದಲೇ ನಿಲ್ಲಬೇಕು. ಅದನ್ನ ವ್ಯಾಕರಣ ಅಂತ ಹೇಳಿದರೆ ಒಂಬತ್ತು ವರ್ಷದ ಹೈದನಿಗೆ ಹತ್ತಲ್ಲ, ಕಣ್ಣಿಗೆ ಕಾಣಬೇಕು. ಮಾದರಿ ಬೇಕಾಗೋದು ಅಷ್ಟಕ್ಕೇ. ಅದು ಅಂಗಿಗೆ ಅಳತೆ ಕೊಡೋ ಹಳೇ ಅಂಗಿ ಇದ್ದ ಹಾಗೆ; ಅಳತೆ ತಗೋಬೇಕು, ಅದನ್ನೇ ಹಾಕ್ಕೊಂಡು ಬರೋದಲ್ಲ.

ಹೈದನನ್ನ ಜಗಲಿ ಮೇಲೆ ಕೂರಿಸಿಕೊಂಡೆ. ಕೈಗೆ ಪೆನ್ಸಿಲ್ ಕೊಟ್ಟು, “ಇದರಲ್ಲಿ ಬೇರೆ ಸ್ಕೂಲಿಗೆ ಹೋದ್ರೆ ಬದಲಾಗೋ ಮಾತು ಯಾವುದು? ಅದರ ಕೆಳಗೆ ಗೆರೆ ಎಳಿ” ಅಂದೆ. ಹೆಸರು, ಊರು, ಲೆಕ್ಕ, ಗುಲಾಬಿ ತೋಟ, ಎಲ್ಲಕ್ಕೂ ಗೆರೆ ಬಿತ್ತು. ಗೆರೆ ಬೀಳದೆ ಉಳಿದದ್ದು ‘ದ ನೇಮ್ ಆಫ್ ಮೈ ಸ್ಕೂಲ್ ಈಸ್’, ‘ಇಟ್ ಈಸ್ ಇನ್’, ‘ಇಟ್ ಹ್ಯಾಸ್’, ‘ದೇರ್ ಈಸ್’, ‘ದೇರ್ ಆರ್’, ‘ವಿ’, ‘ಐ ಲೈಕ್’. ಕಲಿಯಬೇಕಾದ್ದು ಇಷ್ಟೇ. ಗೆರೆಯ ಮೇಲೆ ಅವನದನ್ನ ತುಂಬಿಸಿದೆ. ‘ಈಸ್’ ಬರೀಬೇಕೋ ‘ಆರ್’ ಬರೀಬೇಕೋ ಅಂತ ನಿಂತ ಕಡೆ, “ಒಂದಾ, ಜಾಸ್ತಿನಾ?” ಅಂತ ಕೇಳಿದರೆ ಸಾಕಾಯ್ತು. ಕೊನೆಗೆ ನಿಂತದ್ದು ಹೀಗೆ:

“ದ ನೇಮ್ ಆಫ್ ಮೈ ಸ್ಕೂಲ್ ಈಸ್ ಗವರ್ನ್‌ಮೆಂಟ್ ಲೋಯರ್ ಪ್ರೈಮರಿ ಸ್ಕೂಲ್. ಇಟ್ ಈಸ್ ಇನ್ ಹುಣಸೂರು ತಾಲ್ಲೂಕ್. ಇಟ್ ಹ್ಯಾಸ್ ತ್ರೀ ರೂಮ್ಸ್. ದೇರ್ ಆರ್ ಟೂ ಟೀಚರ್ಸ್. ದೇರ್ ಈಸ್ ಎ ಹೊಂಗೆ ಟ್ರೀ ನಿಯರ್ ದ ಗೇಟ್. ವಿ ಈಟ್ ಅಂಡರ್ ದ ಟ್ರೀ. ಐ ಲೈಕ್ ಮೈ ಸ್ಕೂಲ್ ಬಿಕಾಸ್ ಮೈ ಫ್ರೆಂಡ್ಸ್ ಆರ್ ದೇರ್.”

“ಹೊಂಗೆಗೆ ಇಂಗ್ಲೀಷಲ್ಲಿ ಏನಂತಾರೆ ತಾತ?” ಅಂದ. ಹೊಂಗೆ ಅಂತಲೇ ಬರಿ, ಯಾರೂ ಮಾರ್ಕ್ಸ್ ಕಳೆಯಲ್ಲ ಅಂದೆ.

ಕಲಿತನೋ ಉರು ಹೊಡೆದನೋ ಅಂತ ತಿಳಿಯೋಕೆ ಒಂದು ಉಪಾಯ ಇದೆ. ಹಾಳೆ ಮಡಚಿಟ್ಟು ‘ಮೈ ಹೌಸ್’ ಬರಿ ಅನ್ನಿ. ‘ದೇರ್ ಆರ್ ಟೂ ಕೌಸ್’ ಅಂತ ಬಂದರೆ ಕಲಿತ ಅಂತ ಅರ್ಥ. ಮನೆಯಲ್ಲೂ ಶಿಸ್ತಿನ ಹೆಡ್ಮಾಸ್ಟರು ಬಂದು ಕೂತರೆ ಬರೀ ಬಾಯಿಪಾಠ. ಪರೀಕ್ಷೆಯಲ್ಲಿ ‘ಮೈ ವಿಲೇಜ್’ ಕೇಳಿದಾಗ ಮಕ್ಕಳು ಪೆನ್ಸಿಲ್ ಕಚ್ಚಿಕೊಂಡು ಕೂರೋದು ಇದಕ್ಕೇ. ಇಂಗ್ಲಿಷ್ ಬರಲ್ಲ ಅಂತಲ್ಲ, ಆ ಉತ್ತರ ಯಾರೂ ಕೊಟ್ಟಿಲ್ಲ ಅಂತ.

ಇದಕ್ಕೆ ಮಿತಿಯೂ ಇದೆ. ಮೂರಕ್ಷರ ಜೋಡಿಸಿ ಓದೋಕೆ ಬರದ ಮಗುವಿಗೆ ಗೆರೆ ಎಳಿ ಅಂದ್ರೆ ಪ್ರಯೋಜನ ಇಲ್ಲ; ಅದಕ್ಕೆ ಮೊದಲು ಬಾಯಲ್ಲಿ ಹೇಳಿಸಬೇಕು. ಏಳೆಂಟು ವಾಕ್ಯವೂ ಬೇಡ, ಮೂರು ಸಾಕು. ಆದರೆ ಆ ಮೂರೂ ಅದರದ್ದೇ ಇರಲಿ. ಪಿರಿಯಾಪಟ್ಟಣದ ಮಗು ಶಾಲೆ ಎದುರಿನ ತಂಬಾಕು ಬ್ಯಾರನ್ ಬರೀಲಿ, ಕೆ.ಆರ್. ನಗರದ್ದು ಹಿಂದಿನ ನಾಲೆ ಬರೀಲಿ, ಕೋಟೆ ಕಡೆಯ ಹಾಡಿ ಮಗು ಆನೆ ಕಂದಕ ಬರೀಲಿ.

ಆಗ ತಪ್ಪು ಬರ್ತದೆ, ಬರಲಿ. ‘ಟೂ ಟೀಚರ್’ ಅಂತ ಬರೆದರೆ ಒಂದು ‘ಎಸ್’ ಸೇರಿಸಿ ತಿದ್ದಬಹುದು. ಇಲ್ಲದ ಮಹಡಿಯನ್ನ ಒಂದೂ ತಪ್ಪಿಲ್ಲದೆ ಬರೆದ ಹಾಳೆಯಲ್ಲಿ ತಿದ್ದೋಕೆ ಏನೂ ಸಿಗಲ್ಲ, ಕಲಿಸೋಕೂ ಏನೂ ಸಿಗಲ್ಲ.