ಐದಕ್ಕೆ ಮೂರು

ನವೆಂಬರ್ ಬಂತೆಂದರೆ ನನ್ನ ಹಳೇ ಶಿಷ್ಯರಿಗೆ ಗುರುಭಕ್ತಿ ಉಕ್ಕುತ್ತದೆ. ಗುರುಪೂರ್ಣಿಮೆಯ ದಿನ ಫೋನು ತೆಪ್ಪಗಿರುತ್ತದೆ, ಸೆಪ್ಟೆಂಬರ್ 5ಕ್ಕೂ ಅಷ್ಟೇ. ನವೆಂಬರ್ ಮೂರನೇ ವಾರ ಮಾತ್ರ ಬೆಳಗ್ಗೆ ಆರಕ್ಕೇ ಗುಲಾಬಿ ಹೂವಿನ ಚಿತ್ರದೊಂದಿಗೆ ‘ಗುಡ್ ಮಾರ್ನಿಂಗ್ ಸಾರ್’ ಬರಲು ಶುರು. ಅಮೆರಿಕದ ಬಹುತೇಕ ಅರ್ಥಶಾಸ್ತ್ರ ವಿಭಾಗಗಳ ಪಿಎಚ್.ಡಿ. ಅರ್ಜಿಗೆ ಡಿಸೆಂಬರ್ ಮೊದಲ ಹದಿನೈದು ದಿನಗಳಲ್ಲಿ ಗಡುವು, ಅರ್ಜಿಗೆ ಮೂರು ಶಿಫಾರಸು ಪತ್ರ. ಗುಲಾಬಿ ಅರಳುವುದು ಆ ಲೆಕ್ಕದ ಮೇಲೆ.

ಈ ಸಲ ಗುಲಾಬಿ ಕಳಿಸಿದವನು ಐದು ವರ್ಷದ ಹಿಂದೆ ನಮ್ಮಲ್ಲಿ ಬಿ.ಎ. ಮಾಡಿದ ಹುಡುಗ. ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಅವನ ವಿಷಯಗಳು. ಆಮೇಲೆ ಎಂ.ಎ. ಮುಗಿಸಿ, ಬೆಂಗಳೂರಿನಲ್ಲೊಂದು ಕೆಲಸದಲ್ಲಿದ್ದಾನೆ. ಗುಲಾಬಿಯ ಹಿಂದೆಯೇ ಪತ್ರ ಬಂತು. ‘ಪೂಜ್ಯ ಗುರುಗಳಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ನನಗೆ ಅರ್ಥಶಾಸ್ತ್ರದ ಗೀಳು ಹತ್ತಿಸಿದವರು. ತಮ್ಮ ಅಮೂಲ್ಯ ಸಮಯ ಹಾಳು ಮಾಡಬಾರದೆಂದು ನಾನೇ ಪತ್ರದ ಕರಡು ತಯಾರಿಸಿದ್ದೇನೆ. ತಾವು ಅಪ್‌ಲೋಡ್ ಮಾಡಿದರೆ ಸಾಕು. ಒಟ್ಟು 14 ಯೂನಿವರ್ಸಿಟಿ. ಮೊದಲನೆಯದರ ಗಡುವು ನಾಡಿದ್ದು.’

ಕಡತದ ಹೆಸರು LOR_final_FINAL2.docx. ತೆರೆದು ಓದಿದೆ. ‘ಈ ಅಭ್ಯರ್ಥಿಯನ್ನು ಶಿಫಾರಸು ಮಾಡಲು ನನಗೆ ಅಪಾರ ಹರ್ಷವಾಗುತ್ತಿದೆ’ ಎಂದು ನಾನು ಹೇಳಿಬಿಟ್ಟಿದ್ದೆ. ಇವನು ಪರಿಶ್ರಮಿ, ಸಮಯಪಾಲಕ, ಜನ್ಮಜಾತ ನಾಯಕ. ಅಲ್ಲಿಗೆ ಸುಮ್ಮನಿದ್ದರೆ ಚೆನ್ನಾಗಿತ್ತು. ಮೂರನೇ ಪ್ಯಾರಾದಲ್ಲಿ ಇವನು ಸಿ ಪ್ಲಸ್ ಪ್ಲಸ್ ಮೊದಲಾದ ‘ಎಕನಾಮಿಕ್ಸ್ ಭಾಷೆ’ಗಳಲ್ಲಿ ಪಳಗಿದವನಂತೆ, ‘ಎಕನಾಮಿಕ್ಸ್ ನೆಟ್‌ವರ್ಕ್’ ಕಟ್ಟುವುದರಲ್ಲಿ ಎತ್ತಿದ ಕೈಯಂತೆ. ಯಾರೋ ಎಂಜಿನಿಯರಿಂಗ್ ಮಿತ್ರನ ಪತ್ರ ತೆಗೆದುಕೊಂಡು ‘ಕಂಪ್ಯೂಟರ್’ ಇದ್ದಲ್ಲೆಲ್ಲ ‘ಎಕನಾಮಿಕ್ಸ್’ ತುರುಕಿದ್ದಾನೆ. ಮನುಷ್ಯ ಬದಲಾದರೂ ನಾಯಕತ್ವ ಬದಲಾಗಿಲ್ಲ.

ಹುಡುಗನನ್ನೇ ಬೈದು ಪ್ರಯೋಜನವಿಲ್ಲ. ‘ನೀನೇ ಬರಕೊಂಡು ಬಾರಯ್ಯ, ಸೈನ್ ಹಾಕ್ತೀನಿ’ ಎಂಬ ಪದ್ಧತಿ ಹುಟ್ಟುಹಾಕಿದವರು ನಾವೇ, ಮೇಷ್ಟ್ರುಗಳು. ಇದರಲ್ಲೊಂದು ತಮಾಷೆಯಿದೆ. ತನ್ನ ಬಗ್ಗೆ ಸಂಸ್ಥೆಯಲ್ಲಿರುವ ದಾಖಲೆಗಳನ್ನು ನೋಡುವ ಹಕ್ಕನ್ನು ಅಮೆರಿಕದ 1974ರ ಒಂದು ಕಾನೂನು ವಿದ್ಯಾರ್ಥಿಗೆ ಕೊಟ್ಟಿದೆ. ಅರ್ಜಿ ಹಾಕುವಾಗ, ‘ಶಿಫಾರಸು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ’ ಎಂದು ಹುಡುಗರು ಟಿಕ್ ಹಾಕುತ್ತಾರೆ. ಹಾಗಿದ್ದರೆ ಮೇಷ್ಟ್ರು ಮುಲಾಜಿಲ್ಲದೆ ಬರೆದಾರು ಎಂದು ಓದುವವರಿಗೆ ನಂಬಿಕೆ. ನಮ್ಮ ಹುಡುಗನೂ ಟಿಕ್ ಹಾಕಿದ್ದ. ತಾನೇ ಬರೆದ ಪತ್ರವನ್ನು ತಾನು ನೋಡುವುದಿಲ್ಲ ಎಂದು ಅಮೆರಿಕಕ್ಕೆ ಮಾತು ಕೊಟ್ಟಿದ್ದ.

ಇದೇ ಹುಡುಗ ಐದನೇ ಸೆಮಿಸ್ಟರಿನಲ್ಲಿ ಅಕರ್‌ಲಾಫ್ ಬಗ್ಗೆ ಹತ್ತು ಅಂಕದ ಉತ್ತರ ಬರೆದವನು. ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹೇಳಿದ್ದು ಸೆಕೆಂಡ್‌ಹ್ಯಾಂಡ್ ಕಾರಿನ ಕತೆ. ಗಾಡಿಯ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಎಲ್ಲರೂ ‘ಒಳ್ಳೇ ಕಂಡೀಶನ್ ಸಾರ್, ಡಾಕ್ಟರ್ ಓಡಿಸ್ತಿದ್ದ ಗಾಡಿ’ ಎಂದೇ ಹೇಳುವುದರಿಂದ ಕೊಳ್ಳುವವನು ಯಾರನ್ನೂ ನಂಬದೆ ಸರಾಸರಿ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೇ ಗಾಡಿಯವನು ಮಾರದೆ ಮನೆಗೆ ಹೋಗುತ್ತಾನೆ. ಸಂತೆಯಲ್ಲಿ ಉಳಿಯುವುದು ಡಕೋಟಾ ಗಾಡಿಗಳೇ. ಇದಕ್ಕೆ 2001ರಲ್ಲಿ ನೊಬೆಲ್ ಬಂತು. ಪರಿಶ್ರಮಿ, ಸಮಯಪಾಲಕ, ನಾಯಕ ಎಂಬ ಮೂರು ಪದಗಳೂ ಡಾಕ್ಟರ್ ಓಡಿಸುತ್ತಿದ್ದ ಗಾಡಿಗಳೇ ಎಂಬುದು ಹತ್ತಕ್ಕೆ ಒಂಬತ್ತು ಅಂಕ ತೆಗೆದವನಿಗೆ ಹೊಳೆದಿರಲಿಲ್ಲ.

ಒಂಬತ್ತು ಕೊಟ್ಟವನಿಗೂ ಹೊಳೆದಿರಲಿಲ್ಲ ಅನ್ನಿ. ಪತ್ರದ ಜೊತೆ ಒಂದು ಪಟ್ಟಿ ತುಂಬಬೇಕಾಗುತ್ತದೆ: ನೀವು ಪಾಠ ಹೇಳಿದ ಒಟ್ಟು ವಿದ್ಯಾರ್ಥಿಗಳಲ್ಲಿ ಇವನು ಅಗ್ರ ಶೇ. 1ರಲ್ಲೋ, 5ರಲ್ಲೋ, 10ರಲ್ಲೋ, 25ರಲ್ಲೋ? ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಕೈಯಲ್ಲಿ ಕಲಿತವರು ಹೆಚ್ಚುಕಮ್ಮಿ 1,600 ಮಂದಿ. ಅದರಲ್ಲಿ ಶೇ. 1 ಅಂದರೆ 16. ಆ ಚೌಕಕ್ಕೆ ನಾನು ಇದುವರೆಗೆ ಟಿಕ್ ಹಾಕಿರುವುದು 34 ಮಂದಿಗೆ. ಸಂಖ್ಯಾಶಾಸ್ತ್ರದ ಮೇಷ್ಟ್ರು ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ, ಅವರಿಗೆ ಹೇಳಿಲ್ಲ.

ಕರಡಿನ ಜೊತೆ ‘ಪೂರಕ ವಿವರ’ ಅಂತ ಎರಡು ಪುಟ ಇತ್ತು. ಕರ್ನಾಟಕದ ಆರ್ಥಿಕತೆ 95, ಭಾರತದ ಆರ್ಥಿಕತೆ 94, ಸಾರ್ವಜನಿಕ ಹಣಕಾಸು 92 ದಪ್ಪಕ್ಷರದಲ್ಲಿ. ಆಮೇಲೆ ಎನ್ನೆಸ್ಸೆಸ್ ಶಿಬಿರ, ಪ್ರಬಂಧ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ, ಯೋಗ. ಗಣಿತದ ಸುದ್ದಿಯೇ ಇಲ್ಲ.

ಫೋನ್ ಮಾಡಿದೆ. “ಗಣಿತ ಎಲ್ಲೋಯ್ತಯ್ಯಾ?”

“ಅದ್ರಲ್ಲಿ ಕಮ್ಮಿ ಸಾರ್. ರಿಯಲ್ ಅನಾಲಿಸಿಸ್‌ನಲ್ಲಿ 68.”

“ಕ್ಲಾಸ್‌ಗೆ ಎಷ್ಟನೆಯವನು?”

“ಎರಡನೆಯವ್ನು ಸಾರ್. 46 ಜನ ಇದ್ವಿ. ಫಸ್ಟ್ ಬಂದವ್ಳಿಗೆ 71.”

ಅರ್ಥಶಾಸ್ತ್ರ ಅಂದರೆ ಬಜೆಟ್ ಭಾಷಣದ ಮಾರನೇ ದಿನದ ಪೇಪರ್ ಅಂದುಕೊಂಡಿರುವ ನಮ್ಮವರಿಗೆ ಇದು ವಿಚಿತ್ರ ಅನ್ನಿಸೀತು, ಆದರೆ ಪಿಎಚ್.ಡಿ. ಆಯ್ಕೆಗೆ ಕೂತವರು ಅಂಕಪಟ್ಟಿಯಲ್ಲಿ ಮೊದಲು ಹುಡುಕುವುದೇ ಆ ಸಾಲು. ಅಲ್ಲಿ ಮೊದಲ ವರ್ಷ ಕೈಗೆ ಕೊಡುವ ಮಾಸ್-ಕೊಲೆಲ್, ವಿನ್ಸ್‌ಟನ್, ಗ್ರೀನ್ ಅವರ 1995ರ ಪುಸ್ತಕ ಸುಮಾರು ಸಾವಿರ ಪುಟದ್ದು. ಅದರಲ್ಲಿ ಕರ್ನಾಟಕದ ಆರ್ಥಿಕತೆಯೂ ಇಲ್ಲ, ಅಮೆರಿಕದ್ದೂ ಇಲ್ಲ. ಇರುವುದು ಊಹೆ, ಪ್ರಮೇಯ, ಸಾಧನೆ. ‘ಇದನ್ನು ಸಾಧಿಸಿ’ ಎಂದರೆ ಬೆವರದೆ ಕೂರಬಲ್ಲ ಹುಡುಗನೇ ಎಂಬುದಕ್ಕೆ ರಿಯಲ್ ಅನಾಲಿಸಿಸ್ ಅವರಿಗಿರುವ ಹತ್ತಿರದ ಸಾಕ್ಷಿ. 95 ಬಂದ ಪತ್ರಿಕೆಯಲ್ಲಿ ಜಿಲ್ಲಾವಾರು ನೀರಾವರಿ ಬಾಯಿಪಾಠ ಮಾಡಿದ್ದ ಅನ್ನುವುದಷ್ಟೇ ಗೊತ್ತಾಗುತ್ತದೆ.

ಅಲ್ಲಿ ಕೂತವನಿಗೆ ಬರೀ 68 ಕಂಡರೆ ಹುಡುಗ ಮುಗ್ಗರಿಸಿದ್ದಾನೆ ಅನ್ನಿಸುತ್ತದೆ. 90 ಬಂದರೇ ‘ಎ’ ಎನ್ನುವ ಊರು ಅದು. ನಮ್ಮ ಗಣಿತದ ಮೇಷ್ಟ್ರು 72 ದಾಟಿಸಿದ್ದನ್ನು ನಾನಂತೂ ಕಂಡಿಲ್ಲ. ‘46ರಲ್ಲಿ ಎರಡನೆಯವನು, ಮೊದಲು ಬಂದವಳಿಗೆ 71’ ಎಂದು ಒಂದು ಸಾಲು ಬರೆದರೆ ಅದೇ 68ರ ಮುಖ ಬದಲಾಗುತ್ತದೆ. ‘ಗಣಿತ ಪತ್ರಿಕೆ 5’ ಎಂದರೂ ಅವರಿಗೆ ಏನೂ ತಿಳಿಯದು. ಯಾವ ಪುಸ್ತಕ, ಎಷ್ಟನೇ ಅಧ್ಯಾಯದವರೆಗೆ, ಸಾಧನೆಗಳನ್ನು ಪರೀಕ್ಷೆಯಲ್ಲಿ ಕೇಳುತ್ತಿದ್ದರೋ ಅಥವಾ ಲೆಕ್ಕ ಮಾತ್ರವೋ, ಇಷ್ಟು ಹುಡುಗ ಬರೆದುಕೊಟ್ಟರೆ ಮೇಷ್ಟ್ರಿಗೆ ಪತ್ರದಲ್ಲಿ ಕಾಲೂರಲು ಜಾಗ ಸಿಗುತ್ತದೆ. ಇವನು ಬರೆದುಕೊಟ್ಟಿದ್ದು ಯೋಗ.

“ಅದಿರಲಿ, ನನ್ನ ಕ್ಲಾಸಲ್ಲಿ ನೀನೇನಾದ್ರೂ ಮಾಡಿದ್ದು ನೆನಪಿದ್ಯಾ? ಸಮಯಪಾಲನೆ ಬಿಟ್ಟು?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಒಂದಿದೆ ಸಾರ್. ಆದ್ರೆ ಅದು ಬೇಡ.”

“ಯಾಕೆ?”

“ಅದ್ರಲ್ಲಿ ನೀವು ಮಾರ್ಕ್ಸ್ ಕಟ್ ಮಾಡಿದ್ರಿ.”

ಬಾಯಿ ಬಿಡಿಸಿದೆ. ಎರಡನೇ ಸೆಮಿಸ್ಟರಿನ ಟೆಸ್ಟು. ‘ಎರಡು ಇಂಡಿಫರೆನ್ಸ್ ಕರ್ವ್‌ಗಳು ಒಂದನ್ನೊಂದು ಛೇದಿಸುವುದಿಲ್ಲ, ಸಾಧಿಸಿ’, ಐದು ಅಂಕ. ನಾನು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿರುವ ಉತ್ತರ ಹೀಗಿದೆ. ಗ್ರಾಹಕನಿಗೆ ಇಡ್ಲಿ, ವಡೆ ಎರಡೇ ಸರಕು. ಸಮಾನ ತೃಪ್ತಿ ಕೊಡುವ ಇಡ್ಲಿ–ವಡೆ ಜೋಡಿಗಳನ್ನೆಲ್ಲ ಸೇರಿಸಿದರೆ ಒಂದು ರೇಖೆ. ಎರಡು ರೇಖೆಗಳು ‘ಎ’ ಬಿಂದುವಿನಲ್ಲಿ ಛೇದಿಸಿದವು ಅನ್ನಿ. ಒಂದರ ಮೇಲೆ ‘ಬಿ’, ಇನ್ನೊಂದರ ಮೇಲೆ ‘ಸಿ’ ಗುರುತು ಹಾಕಿ. ‘ಸಿ’ಯಲ್ಲಿ ಇಡ್ಲಿಯೂ ಹೆಚ್ಚು, ವಡೆಯೂ ಹೆಚ್ಚು. ಎ, ಬಿ ಸಮ. ಎ, ಸಿ ಸಮ. ಹಾಗಾಗಿ ಬಿ, ಸಿ ಸಮ. ಆದರೆ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು ನಮ್ಮ ಊಹೆ, ಆದ್ದರಿಂದ ಸಿ ಮೇಲು. ಸಮವೂ ಹೌದು, ಮೇಲೂ ಹೌದು ಅನ್ನುವುದು ಅಸಂಗತ. ಸಾಧಿಸಿದಂತಾಯಿತು, ಬೆಲ್ ಆಯಿತು.

ಹುಡುಗ ಮೂರನೇ ಹೆಜ್ಜೆಗೇ ನಿಂತುಬಿಟ್ಟಿದ್ದ. ಬಿ, ಸಿ ಸಮ ಎಂದಮೇಲೆ ರೇಖೆಯ ವ್ಯಾಖ್ಯಾನದ ಪ್ರಕಾರವೇ ಅವೆರಡೂ ಒಂದೇ ರೇಖೆಯಲ್ಲಿವೆ. ಅಲ್ಲಿರುವುದು ಎರಡು ರೇಖೆಯೇ ಅಲ್ಲ, ಒಂದೇ. ಆದ್ದರಿಂದ ‘ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂಬ ಊಹೆ ಇಲ್ಲಿ ಬೇಕಾಗಿಲ್ಲ, ಎಂದು ಬರೆದಿದ್ದ. ಕೆಳಗೆ ಒಂದು ಪ್ರಶ್ನೆ ಬೇರೆ: ಆ ಊಹೆ ಬೇಕಾಗುವುದು ರೇಖೆ ಕೆಳಮುಖವಾಗಿ ಇಳಿಯುತ್ತದೆ ಅನ್ನಲಿಕ್ಕೆ, ಮತ್ತು ಅದು ದಪ್ಪ ಪಟ್ಟಿಯಾಗದೆ ಸಣ್ಣ ಗೆರೆಯಾಗಿಯೇ ಇರುತ್ತದೆ ಅನ್ನಲಿಕ್ಕೆ ತಾನೇ ಸಾರ್?

ಹೌದು, ಅದಕ್ಕೇ. ಯಾವ ತೀರ್ಮಾನಕ್ಕೆ ಯಾವ ಊಹೆ ಬೇಕು, ಯಾವುದು ಬೇಡ ಎಂದು ಬಿಡಿಸಿ ನೋಡುವುದನ್ನೇ ಆ ಸಾವಿರ ಪುಟದ ಪುಸ್ತಕ ವರ್ಷವಿಡೀ ಮಾಡಿಸುತ್ತದೆ. ಇವನು ಅದನ್ನು ಹದಿನೆಂಟನೇ ವಯಸ್ಸಿನಲ್ಲಿ, ಟೆಸ್ಟಿನ ನಡುವೆ, ಯಾರೂ ಹೇಳಿಕೊಡದೆ ಮಾಡಿದ್ದ. ಕರಡಿನ ಎರಡು ಪುಟದಲ್ಲೂ ಆ ಸಂಗತಿ ಇರಲಿಲ್ಲ. ಯಾಕೆಂದರೆ ನಾನು ಐದಕ್ಕೆ ಮೂರು ಕೊಟ್ಟಿದ್ದೆ.

“ಆ ಬುಕ್‌ಲೆಟ್ ಇದ್ಯೇನಯ್ಯಾ?”

“ಅಮ್ಮ ಹಳೇ ಪೇಪರ್‌ನೋನಿಗೆ ಹಾಕಿರ್ಬೋದು ಸಾರ್. ನೋಡ್ತೀನಿ.”

ಸಂಜೆಗೆ ಫೋಟೊ ಬಂತು. ಅಂಚಿಗೆ ಅರಿಶಿನದ ಕಲೆ. ಮೂರನೇ ಹೆಜ್ಜೆಯ ಕೆಳಗೆ ಕೆಂಪು ಇಂಕಿನಲ್ಲಿ ನನ್ನದೇ ಅಕ್ಷರ: ‘ಅಪೂರ್ಣ. ಪುಸ್ತಕದಲ್ಲಿರುವಂತೆ ಬರೆಯಿರಿ.’ ಪ್ರಶ್ನೆಯ ಮೇಲೆ ಅಡ್ಡಗೆರೆ.

ರಾತ್ರಿ ಕೂತು ಬರೆದೆ. ಹರ್ಷ ಮೊದಲ್ಗೊಂಡು ನಾಯಕತ್ವದವರೆಗೆ ಎಲ್ಲ ಅಳಿಸಿದೆ. 46ರಲ್ಲಿ ಎರಡನೆಯವನು ಎಂದು ಬರೆದೆ. ಆ ಐದು ಅಂಕದ ಪ್ರಶ್ನೆ, ಅವನ ಉತ್ತರ, ನಾನು ಕಳೆದ ಎರಡು ಅಂಕ, ಮೂರನ್ನೂ ಇದ್ದದ್ದು ಇದ್ದಹಾಗೆ ಬರೆದೆ. ಮುಕ್ಕಾಲು ಪುಟವೂ ಆಗಲಿಲ್ಲ. ಅಪ್‌ಲೋಡ್ ಮಾಡಹೋದರೆ ಸಂಸ್ಥೆಯ ಅಧಿಕೃತ ಇಮೇಲ್ ವಿಳಾಸದಿಂದಲೇ ಬರಬೇಕು ಎಂದು ಪರದೆ ತಡೆಯಿತು. ನಮ್ಮ ಕಾಲೇಜಿಗೆ ಅಂಥದ್ದೊಂದು ವಿಳಾಸವಿದೆ. ಪಾಸ್‌ವರ್ಡ್ ಇರುವುದು ಆಫೀಸಿನ ಎಫ್‌ಡಿಎ ಬಳಿ. ಅವರು ಚುನಾವಣಾ ಡ್ಯೂಟಿಯಲ್ಲಿದ್ದರು. ಅವರನ್ನು ಹಿಡಿದು ಪಾಸ್‌ವರ್ಡ್ ಕೇಳುವಷ್ಟರಲ್ಲಿ ಮಾರನೇ ದಿನ ಮಧ್ಯಾಹ್ನ.

ಪಟ್ಟಿ ಬಂತು. ಶೇ. 1ರ ಚೌಕದ ಮೇಲೆ ಬಾಣ ನಿಲ್ಲಿಸಿ ಆ ಮೂವತ್ನಾಲ್ಕು ಮಂದಿಯನ್ನು ನೆನೆದೆ. ಅವರಲ್ಲಿ ಹದಿನೆಂಟು ಮಂದಿಯ ಟಿಕ್ ವಾಪಸ್ ಪಡೆಯಲು ಯಾವ ಗುಂಡಿಯೂ ಇರಲಿಲ್ಲ. ಟಿಕ್ ಹಾಕಿದೆ, ಮೂವತ್ತೈದು.

ಕೊನೆಯಲ್ಲೊಂದು ಖಾಲಿ ಜಾಗ: ಅಭ್ಯರ್ಥಿಯನ್ನು ನೀವು ಯಾವ ನೆಲೆಯಲ್ಲಿ ಬಲ್ಲಿರಿ? ಕರಡಿನಲ್ಲಿ ಹುಡುಗ ‘ಮಾರ್ಗದರ್ಶಕ, ಹಿತೈಷಿ’ ಎಂದು ತುಂಬಿಕೊಟ್ಟಿದ್ದ. ಅದನ್ನು ಹೊಡೆದುಹಾಕಿ ‘ಎರಡು ಅಂಕ ಕಳೆದವನು’ ಎಂದು ಟೈಪಿಸಿ ಕಳಿಸಿದೆ. ಇನ್ನು ಹದಿಮೂರು ಬಾಕಿ.